ಮೆಡಿಕಲ್ ಸ್ಟೋರಿಗೆ ಸಾಕಾಗುವಷ್ಟು ಜರ್ಮನ್

ಜರ್ಮನಿಯ ಸೂಪರ್ ಮಾರ್ಕೆಟ್ಟಿನಲ್ಲಿ ಪ್ಯಾರಾಸಿಟಮಾಲ್ ಸಿಗುವುದಿಲ್ಲ. ಸೋಪು, ಶಾಂಪೂ, ವಿಟಮಿನ್ ಮಾತ್ರೆ, ಕೆಮ್ಮಿಗೆ ಕುಡಿಯುವ ಗಿಡಮೂಲಿಕೆ ಚಹಾ ಎಲ್ಲವನ್ನೂ ಸಾಲಾಗಿ ಜೋಡಿಸಿಟ್ಟ ದೊಡ್ಡ ಅಂಗಡಿಗಳಲ್ಲೂ ಸಿಗುವುದಿಲ್ಲ. ಜ್ವರದ ಒಂದು ಮಾತ್ರೆ ಬೇಕೆಂದರೂ ಕೆಂಪು ಬಣ್ಣದ ದೊಡ್ಡ ‘ಎ’ ಅಕ್ಷರ ತೂಗುಹಾಕಿರುವ ‘ಅಪೋಟೇಕೆ’ಗೇ ಹೋಗಬೇಕು. ಅಲ್ಲಿಯೂ ಮಾತ್ರೆ ಕೈಗೆ ಎಟಕುವಂತೆ ಇರುವುದಿಲ್ಲ, ಕೌಂಟರಿನ ಹಿಂದೆ ಇರುತ್ತದೆ. ಕೌಂಟರಿನಲ್ಲಿ ನಿಂತವರು ಓದಿ ಪರೀಕ್ಷೆ ಪಾಸಾಗಿ ಬಂದವರು, ಕೊಡುವ ಮೊದಲು ವಿಚಾರಿಸುವುದು ಅವರ ಕೆಲಸದ ಭಾಗ. ನಮ್ಮೂರಿನ ಹಾಗೆ ಹಳೆಯ ಮಾತ್ರೆಯ ಖಾಲಿ ಹಾಳೆ ತೋರಿಸಿ “ಇದೇ ಒಂದು ಸ್ಟ್ರಿಪ್ ಕೊಡಿ” ಎಂದರೆ ಕೆಲಸ ಆಗುವುದಿಲ್ಲ. ಅಲ್ಲಿ ಮಾತು ಆಡಲೇಬೇಕು.

ಮಕ್ಕಳು ಕೆಲಸದಲ್ಲಿರುವ ಊರಿಗೆ ಎರಡು ಮೂರು ತಿಂಗಳ ಮಟ್ಟಿಗೆ ಹೋಗುವ ಕನ್ನಡದ ತಂದೆತಾಯಂದಿರು ಈಗ ಬಹಳ ಮಂದಿ. ಬೆಳಗ್ಗೆ ಮಗ ಸೊಸೆ ಆಫೀಸಿಗೆ ಹೊರಟರೆ ಸಂಜೆಯವರೆಗೆ ಅವರಿಬ್ಬರೇ. ನಾನು ಈ ಲೇಖನ ಬರೆಯುತ್ತಿರುವುದು ಅವರಿಗಾಗಿ. ಜರ್ಮನ್ ಕಲಿಸುವ ಆಸೆ ನನಗಿಲ್ಲ. ಕೌಂಟರಿನ ಆಚೆಗಿರುವವರು ಕೇಳುವ ಪ್ರಶ್ನೆಗಳು ಎಲ್ಲ ಊರಿನಲ್ಲೂ ಹೆಚ್ಚುಕಡಿಮೆ ಒಂದೇ: ಮಾತ್ರೆ ಯಾರಿಗೆ? ಏನು ತೊಂದರೆ? ಎಂದಿನಿಂದ? ಬೇರೆ ಏನು ಔಷಧ ತೆಗೆದುಕೊಳ್ಳುತ್ತಿದ್ದೀರಿ? ಯಾವುದಾದರೂ ಅಲರ್ಜಿ ಇದೆಯೇ? ಪ್ರಶ್ನೆ ಗೊತ್ತಿದ್ದ ಮೇಲೆ ಉತ್ತರವನ್ನು ಮನೆಯಲ್ಲೇ ಕೂತು ಬರೆದಿಟ್ಟುಕೊಳ್ಳಬಹುದು. ಆ ಉತ್ತರಗಳು ಹೇಗಿರಬೇಕು ಎಂಬುದೊಂದೇ ಇಲ್ಲಿಯ ವಿಷಯ.

ಹಾಸನದಿಂದ ಸ್ಟುಟ್‌ಗಾರ್ಟಿಗೆ ಮಗನ ಮನೆಗೆ ಹೋದ ಒಬ್ಬ ತಾಯಿಯನ್ನು ಕಲ್ಪಿಸಿಕೊಳ್ಳೋಣ. ವಯಸ್ಸು 63. ಬಿಪಿಗೆ ಟೆಲ್ಮಾ 40, ಸಕ್ಕರೆ ಕಾಯಿಲೆಗೆ ಗ್ಲೈಕೋಮೆಟ್ 500 ತೆಗೆದುಕೊಳ್ಳುತ್ತಾರೆ. ಪೆನಿಸಿಲಿನ್ ಆಗುವುದಿಲ್ಲ. ನಿನ್ನೆಯಿಂದ ಭೇದಿ, ಬೆಳಗ್ಗೆ ಜ್ವರವೂ ಬಂದಿದೆ. ಊರಿನಲ್ಲಾಗಿದ್ದರೆ ಪರಿಚಯದ ಮೆಡಿಕಲ್ ಸ್ಟೋರಿನಲ್ಲಿ ಅವರು ಹೀಗೆ ಹೇಳುತ್ತಿದ್ದರು: “ನಿನ್ನೆಯಿಂದ ಹೊಟ್ಟೆ ಸರಿಯಿಲ್ಲಪ್ಪ, ನಾಲ್ಕೈದು ಸಲ ಹೋಯ್ತು, ಬೆಳಗ್ಗೆಯಿಂದ ಮೈಯೂ ಸ್ವಲ್ಪ ಬಿಸಿ, ಊಟ ಸೇರ್ತಿಲ್ಲ, ಶುಗರ್ ಮಾತ್ರೆ ಬೇರೆ ತಗೋತೀನಲ್ಲ, ಅದಕ್ಕೇನೂ ಆಗದ ಹಾಗೆ ಏನಾದರೂ ಕೊಡು.” ಕೇಳಿಸಿಕೊಳ್ಳುವ ಹುಡುಗನಿಗೆ ಇದರಲ್ಲಿ ಎಲ್ಲವೂ ಅರ್ಥವಾಗುತ್ತದೆ. ಇದನ್ನೇ ಇಡಿಯಾಗಿ ಬೇರೆ ಭಾಷೆಗೆ ಎತ್ತಿ ಹಾಕಿದರೆ ಮೂರು ಕಡೆ ಕಾಲು ಜಾರುತ್ತದೆ.

ಮೊದಲನೆಯದು ‘ಹೊಟ್ಟೆ ಸರಿಯಿಲ್ಲ’. ಭೇದಿಯ ಹೆಸರು ಹೇಳಲು ನಮಗೆ ಸಂಕೋಚ. ಜರ್ಮನಿಯವರಿಗೆ ಅದು ಹೊಟ್ಟೆನೋವು, ಎದೆಯುರಿ, ಅಜೀರ್ಣ, ಮಲಬದ್ಧತೆ ಯಾವುದಾದರೂ ಆಗಬಹುದು. ಒಂದೊಂದಕ್ಕೂ ಒಂದೊಂದು ಮಾತ್ರೆ, ಭೇದಿ ಮತ್ತು ಮಲಬದ್ಧತೆಯ ಮಾತ್ರೆಗಳಂತೂ ಒಂದಕ್ಕೊಂದು ವಿರುದ್ಧ. ಹಾಗಾಗಿ ಸಂಕೋಚ ಬಿಟ್ಟು ‘ಇಶ್ ಹಾಬೆ ಡುರ್ಶ್‌ಫಾಲ್’ ಎನ್ನಬೇಕು: ನನಗೆ ಭೇದಿ ಆಗುತ್ತಿದೆ. ಅಲ್ಲಿ ಇದನ್ನು ಕೌಂಟರಿನಲ್ಲಿ ಹೇಳುವುದು ನೆಗಡಿಯಾಗಿದೆ ಎಂದು ಹೇಳಿದಷ್ಟೇ ಸಹಜ.

ಎರಡನೆಯದು ‘ನಾಲ್ಕೈದು’. ಒಂದೆರಡು, ಎರಡು ಮೂರು, ನಾಲ್ಕೈದು, ಹತ್ತು ಹದಿನೈದು ಎಂದು ಎಣಿಕೆಯನ್ನು ಸಡಿಲವಾಗಿ ಹೇಳುವುದು ಕನ್ನಡದ ಸೊಗಸು. ಆದರೆ ಅರೆಬರೆ ಭಾಷೆಯಲ್ಲಿ ಎರಡು ಅಂಕಿ ಒಟ್ಟಿಗೆ ಬಂದರೆ ಕೇಳುವವರು ಯಾವುದನ್ನು ಹಿಡಿಯಬೇಕು? ‘ನಾಲ್ಕು, ಐದು’ ಎಂದದ್ದು ನಾಲ್ಕು ದಿನದಲ್ಲಿ ಐದು ಸಲ ಎಂದೂ ಕೇಳಿಸಬಹುದು. ದೊಡ್ಡ ಅಂಕಿಯನ್ನೇ ಇಟ್ಟುಕೊಂಡು ಒಂದನ್ನು ಬಿಟ್ಟುಬಿಡಿ. ‘ಫ್ಯುನ್ಫ್‌ಮಾಲ್’, ಐದು ಸಲ. ‘ಜ಼ೈಟ್ ಗೆಸ್ಟರ್ನ್’, ನಿನ್ನೆಯಿಂದ. ಎರಡು ಬೇರೆ ಬೇರೆ ವಾಕ್ಯ, ನಡುವೆ ಒಂದು ಉಸಿರು.

ಮೂರನೆಯದು ‘ಮೈ ಸ್ವಲ್ಪ ಬಿಸಿ’. ಈ ಪ್ರಕರಣದಲ್ಲಿ ಎಲ್ಲಕ್ಕಿಂತ ತೂಕದ ಸಂಗತಿ ಇದು. ಬರೀ ಭೇದಿ ಎಂದಷ್ಟೇ ಹೇಳಿದರೆ ಕೌಂಟರಿನವರು ಲೋಪೆರಮೈಡ್ ಕೊಡುವ ಸಾಧ್ಯತೆ ಇದೆ. ಜರ್ಮನಿಯಲ್ಲಿ ವೈದ್ಯರ ಚೀಟಿಯಿಲ್ಲದೆಯೇ ಅಪೋಟೇಕೆಯಲ್ಲಿ ಸಿಗುವ ಮಾತ್ರೆ ಅದು. ಕರುಳಿನ ಚಲನೆಯನ್ನು ನಿಧಾನ ಮಾಡಿ ಭೇದಿಯನ್ನು ಕಟ್ಟುತ್ತದೆ. ಆದರೆ ಜೋರು ಜ್ವರ ಇದ್ದರೆ ಅಥವಾ ಮಲದಲ್ಲಿ ರಕ್ತ ಕಂಡರೆ ಅದನ್ನು ಕೊಡಬಾರದು, ಯಾಕೆಂದರೆ ಸೋಂಕು ಹೊರಗೆ ಹೋಗುವ ದಾರಿಯನ್ನೇ ಮುಚ್ಚಿದಂತಾಗುತ್ತದೆ. ಅಂದರೆ ‘ಜ್ವರ ಇದೆ’ ಎಂಬ ಎರಡು ಪದದ ವಾಕ್ಯವೊಂದು ಬಿಟ್ಟುಹೋದರೆ ಕೈಗೆ ಬರುವ ಔಷಧವೇ ಬದಲಾಗುತ್ತದೆ. ಮೈ ಬಿಸಿ ಎಂದರೆ ಸಾಲದು, ಥರ್ಮಾಮೀಟರಿನ ಅಂಕಿ ಬೇಕು.

ಅಂಕಿಯಲ್ಲೂ ಒಂದು ಎಚ್ಚರ ಇದೆ. ನಮ್ಮ ಮನೆಗಳಲ್ಲಿ ಜ್ವರ ನೂರೊಂದು, ನೂರೆರಡು. ಜರ್ಮನಿಯಲ್ಲಿ ಜ್ವರವನ್ನು ಸೆಲ್ಸಿಯಸ್‌ನಲ್ಲೇ ಅಳೆಯುವುದು, ಅಲ್ಲಿ ನೂರು ಡಿಗ್ರಿ ಎಂದರೆ ನೀರು ಕುದಿಯುವ ಬಿಸಿ. ಹೊರಡುವ ಮುಂಚೆಯೇ ಮೂರು ಅಂಕಿಗಳನ್ನು ಬರೆದಿಟ್ಟುಕೊಂಡರೆ ಸಾಕು: ನಮ್ಮ 100.4 ಅಲ್ಲಿಯ 38, ನಮ್ಮ 101.3 ಅಲ್ಲಿಯ 38.5, ನಮ್ಮ 102.2 ಅಲ್ಲಿಯ 39. ನಾವು ಚುಕ್ಕಿ ಇಡುವ ಕಡೆ ಅವರು ಅಲ್ಪವಿರಾಮ ಇಡುತ್ತಾರೆ, 38,5 ಎಂದು ಬರೆದರೆ ಗಾಬರಿಯಾಗಬೇಡಿ. ನಮ್ಮ ಹಾಸನದ ತಾಯಿಗೆ 101.3 ಇದೆ. ಹಾಗಾಗಿ ಅವರ ವಾಕ್ಯ: ‘ಇಶ್ ಹಾಬೆ ಫೀಬರ್’. ಆಮೇಲೆ ಬಾಯಿ ಮುಚ್ಚಿ, ಚೀಟಿಯಲ್ಲಿ 38,5 ಎಂದು ಬರೆದದ್ದನ್ನು ತೋರಿಸಿದರೆ ಆಯಿತು. ಅಂಕಿಯನ್ನು ಬಾಯಲ್ಲಿ ಹೇಳುವ ಸಾಹಸ ಬೇಡ ಎನ್ನುವುದಕ್ಕೆ ಕಾರಣ ಇದೆ: ಜರ್ಮನ್ನಿನಲ್ಲಿ ಮೂವತ್ತೆಂಟನ್ನು ‘ಎಂಟು ಮತ್ತು ಮೂವತ್ತು’ ಎಂದು ತಿರುವಿ ಹೇಳುತ್ತಾರೆ. ಜ್ವರದ ತಲೆಯಲ್ಲಿ 38 ಹೋಗಿ 83 ಆಗುವುದು ಸುಲಭ.

ಇನ್ನು ಅವರು ದಿನಾ ತೆಗೆದುಕೊಳ್ಳುವ ಮಾತ್ರೆಗಳು. ‘ನನಗೆ ಶುಗರ್ ಇದೆ, ಬಿಪಿ ಇದೆ’ ಎನ್ನುವ ಮಾತು ಇಡೀ ಭಾರತಕ್ಕೆ ಅರ್ಥವಾದೀತು, ಅಲ್ಲಿಗೆ ಆಗುವುದಿಲ್ಲ. ಟೆಲ್ಮಾ, ಗ್ಲೈಕೋಮೆಟ್, ಡೋಲೋ, ಪ್ಯಾನ್ 40, ಇಕೋಸ್ಪ್ರಿನ್ ಇವೆಲ್ಲ ನಮ್ಮ ಕಂಪನಿಗಳು ಇಟ್ಟ ಹೆಸರುಗಳು. ಇವುಗಳ ಕೆಳಗೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುವ ಹೆಸರೇ ಪ್ರಪಂಚದ ಬಹುಪಾಲು ಕಡೆ ನಡೆಯುವ ನಾಣ್ಯ. ಟೆಲ್ಮಾ ಎಂದರೆ ಟೆಲ್ಮಿಸಾರ್ಟನ್, ಗ್ಲೈಕೋಮೆಟ್ ಎಂದರೆ ಮೆಟ್‌ಫಾರ್ಮಿನ್, ಡೋಲೋ ಎಂದರೆ ಪ್ಯಾರಾಸಿಟಮಾಲ್, ಪ್ಯಾನ್ ಎಂದರೆ ಪ್ಯಾಂಟೊಪ್ರಜೋಲ್. ಊರು ಬಿಡುವ ಮೊದಲು ಪರಿಚಯದ ಮೆಡಿಕಲ್ ಸ್ಟೋರಿನಲ್ಲಿ ಕೂತು ಈ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ, ಎಷ್ಟು ಮಿಲಿಗ್ರಾಂ ಎಂಬುದರ ಜೊತೆಗೆ ಬರೆಸಿಕೊಳ್ಳಿ. ಆಮೇಲೆ ವಾಕ್ಯ ತೀರಾ ಸರಳ: ‘ಇಶ್ ನೇಮೆ ಟೆಲ್ಮಿಸಾರ್ಟನ್. ಇಶ್ ನೇಮೆ ಮೆಟ್‌ಫಾರ್ಮಿನ್.’ ನಾನು ಇದನ್ನು ತೆಗೆದುಕೊಳ್ಳುತ್ತೇನೆ, ಅದನ್ನು ತೆಗೆದುಕೊಳ್ಳುತ್ತೇನೆ. ಕಾಯಿಲೆಯ ಹೆಸರು ಹೇಳದಿದ್ದರೂ ಓದಿದವರಿಗೆ ಈ ಎರಡು ಹೆಸರಿನಿಂದಲೇ ಎರಡೂ ಕಾಯಿಲೆ ಗೊತ್ತಾಗುತ್ತದೆ.

ಇದರಿಂದ ಏನು ಉಪಯೋಗ ಎಂದು ಕೇಳಬಹುದು. ಜ್ವರಕ್ಕೆ ಅಲ್ಲಿ ಇಬುಪ್ರೊಫೇನ್ ಕೊಡುವ ರೂಢಿಯೂ ಇದೆ. ಟೆಲ್ಮಿಸಾರ್ಟನ್ ತೆಗೆದುಕೊಳ್ಳುವ, ಅದರಲ್ಲೂ ಭೇದಿಯಿಂದ ಮೈಯ ನೀರು ಹೋಗಿರುವ ವಯಸ್ಸಾದವರಿಗೆ ಇಬುಪ್ರೊಫೇನ್ ಕೊಟ್ಟರೆ ಮೂತ್ರಪಿಂಡದ ಮೇಲೆ ಹೊರೆ ಬೀಳುತ್ತದೆ. ಆ ಹೆಸರು ಕಿವಿಗೆ ಬಿದ್ದರೆ ಕೌಂಟರಿನವರು ಪ್ಯಾರಾಸಿಟಮಾಲ್ ಕಡೆ ತಿರುಗುತ್ತಾರೆ. ಮೆಟ್‌ಫಾರ್ಮಿನ್ ಹೆಸರು ಕೇಳಿದರೆ, ಭೇದಿ ಇರುವಾಗ ಅದನ್ನು ಮುಂದುವರಿಸಬೇಕೋ ನಿಲ್ಲಿಸಬೇಕೋ ಎಂಬುದನ್ನು ವೈದ್ಯರನ್ನೇ ಕೇಳಿ ಎನ್ನುತ್ತಾರೆ. ಇನ್ನೊಂದು ವಾಕ್ಯವೂ ಇಲ್ಲಿ ಬೇಕು. ನಮ್ಮ ತಾಯಿ ಬೆಳಗ್ಗೆ ಎಂಟಕ್ಕೆ ಊರಿನಿಂದ ತಂದ ಡೋಲೋ 650 ನುಂಗಿಯೇ ಹೊರಟಿರುತ್ತಾರೆ. ನೆಗಡಿ ಜ್ವರದ ಮಿಶ್ರ ಮಾತ್ರೆಗಳಲ್ಲಿ ಎಷ್ಟೋ ಸಲ ಪ್ಯಾರಾಸಿಟಮಾಲ್ ಅಡಗಿರುತ್ತದೆ, ಗೊತ್ತಿಲ್ಲದೆ ಅದೇ ಔಷಧ ಎರಡು ಪಾಲು ಹೊಟ್ಟೆಗೆ ಹೋಗಬಹುದು. ‘ಶೋನ್ ಗೆನೊಮೆನ್: ಪ್ಯಾರಾಸಿಟಮಾಲ್, 650, ಎಂಟು ಗಂಟೆ.’ ಈಗಾಗಲೇ ತೆಗೆದುಕೊಂಡದ್ದು ಎಂದರ್ಥ. ಮೊದಲೆರಡು ಪದ ಮಾತ್ರ ಬಾಯಲ್ಲಿ, ಉಳಿದದ್ದೆಲ್ಲ ಚೀಟಿಯಲ್ಲಿ.

ಈಗ ಅಲರ್ಜಿಗೆ ಬರೋಣ. ಜರ್ಮನ್ ಪಾಠದ ಪುಸ್ತಕ ಹೇಳಿಕೊಡುವ ವಾಕ್ಯ ‘ಇಶ್ ಹಾಬೆ ಐನೆ ಅಲೆರ್ಗೀ’, ಅಂದರೆ ನನಗೆ ಒಂದು ಅಲರ್ಜಿ ಇದೆ. ಅಲರ್ಜಿ ಇಲ್ಲ ಎನ್ನುವುದು ‘ಇಶ್ ಹಾಬೆ ಕೈನೆ ಅಲೆರ್ಗೀ’. ಎರಡನ್ನೂ ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿ. ನಡುವೆ ಇರುವ ವ್ಯತ್ಯಾಸ ಒಂದು ‘ಕ’ಕಾರ ಅಷ್ಟೆ. ಮಾಸ್ಕ್ ಹಾಕಿಕೊಂಡು, ಗಾಜಿನ ತಡೆಯ ಈಚೆ ನಿಂತು, ಕನ್ನಡದ ಉಚ್ಚಾರಣೆಯಲ್ಲಿ ಹೇಳಿದಾಗ ಆ ‘ಕ’ ಕೇಳಿಸಿತೋ ಇಲ್ಲವೋ ಎಂಬುದರ ಮೇಲೆ ಒಬ್ಬರ ಪ್ರಾಣ ನಿಲ್ಲಬಾರದು. ತುರ್ತಿನ ವಾಕ್ಯಕ್ಕೆ ವ್ಯಾಕರಣ ಸರಿಯಿದ್ದರೆ ಸಾಲದು, ಅರ್ಧ ಕೇಳಿಸಿದರೂ ಉಲ್ಟಾ ಅರ್ಥ ಬರಬಾರದು. ಆ ಪರೀಕ್ಷೆಯಲ್ಲಿ ಪುಸ್ತಕದ ವಾಕ್ಯ ಸೋಲುತ್ತದೆ. ಅದರ ಬದಲು ‘ಪೆನಿಟ್ಸಿಲೀನ್. ಅಲೆರ್ಗಿಶ್.’ ಎನ್ನಿ. ಎರಡೇ ಪದ, ಔಷಧದ ಹೆಸರು ಮೊದಲು, ನಕಾರದ ಸುಳಿವೇ ಇಲ್ಲ. ಒಂದು ಪದ ಕೇಳಿಸದಿದ್ದರೂ ಇನ್ನೊಂದು ಎಚ್ಚರಿಸುತ್ತದೆ.

ಉತ್ತರ ಕೊಡುವಾಗಲೂ ಇದೇ ಅಪಾಯ, ಇನ್ನೊಂದು ವೇಷದಲ್ಲಿ. ವೈದ್ಯರು ಇಂಗ್ಲಿಷಿನಲ್ಲೋ ಜರ್ಮನ್ನಿನಲ್ಲೋ “ಅಲರ್ಜಿ ಏನೂ ಇಲ್ಲ ಅಲ್ಲವೇ?” ಎಂದು ಕೇಳುತ್ತಾರೆ ಎನ್ನೋಣ. ಕನ್ನಡದವರು ಇಲ್ಲ ಎನ್ನುವುದನ್ನು ಒಪ್ಪುತ್ತಾ “ಹೌದು” ಅಥವಾ “ಹೂಂ” ಎನ್ನುತ್ತೇವೆ, ನೀವು ಹೇಳಿದ್ದು ಸರಿ, ಅಲರ್ಜಿ ಇಲ್ಲ ಎಂಬರ್ಥದಲ್ಲಿ. ಅವರಿಗೆ ಬರೀ ‘ಯಾ’ ಎಂದರೆ ಗೊಂದಲ, ಇದೆ ಎಂದೂ ತಿಳಿಯಬಹುದು. ಇಂಥ ಪ್ರಶ್ನೆಗೆ ಇಲ್ಲ ಎನ್ನಬೇಕಿದ್ದರೆ ಜರ್ಮನ್ನರು ‘ನೈನ್’ ಎನ್ನುತ್ತಾರೆ, ಇದೆ ಎನ್ನಬೇಕಿದ್ದರೆ ‘ಡೋಖ್’ ಎಂಬ ಬೇರೆಯದೇ ಪದ ಬಳಸುತ್ತಾರೆ. ಇದನ್ನೆಲ್ಲ ನೆನಪಿಡುವುದು ಕಷ್ಟ. ಅದಕ್ಕೇ ನನ್ನ ಸಲಹೆ: ನಕಾರದಲ್ಲಿ ಕೇಳಿದ ಪ್ರಶ್ನೆಗೆ ಹೌದು, ಇಲ್ಲ ಎಂದು ಉತ್ತರಿಸಲೇಬೇಡಿ. ವಿಷಯವನ್ನೇ ಮತ್ತೆ ಹೇಳಿ. ‘ಪೆನಿಟ್ಸಿಲೀನ್. ಅಲೆರ್ಗಿಶ್.’ ರಕ್ತ ಹೋಗುತ್ತಿದೆಯೇ ಎಂದು ಕೇಳಿದರೆ ‘ಬ್ಲೂಟ್: ನೈನ್’. ವಾಂತಿ? ‘ಎರ್‌ಬ್ರೆಶೆನ್: ನೈನ್’. ವಿಷಯ ಮೊದಲು, ಆಮೇಲೆ ಒಂದೇ ಪದದ ತೀರ್ಪು. ಜೊತೆಗೆ ತಲೆಯ ಬಗ್ಗೆಯೂ ಎಚ್ಚರ. ಸರಿ ಸರಿ ಎಂದು ನಾವು ತಲೆಯನ್ನು ಅತ್ತಿತ್ತ ಓಲಾಡಿಸುವುದು ಅಲ್ಲಿಯವರ ಕಣ್ಣಿಗೆ ಬೇಡ ಎಂದಂತೆಯೇ ಕಾಣುತ್ತದೆ. ಮಾತು ಹೌದು ಎಂದು, ತಲೆ ಅಲ್ಲ ಎಂದರೆ ಕೇಳುವವರು ಯಾವುದನ್ನು ನಂಬಬೇಕು?

ಇಲ್ಲಿಯವರೆಗೆ ಹೇಳಿದ್ದು ನಮ್ಮ ಮಾತು. ಪ್ರವಾಸಿಗರ ಪುಸ್ತಕಗಳು ಎಡವುವುದು ಇದರ ಆಚೆಗೆ. ಅವು ಪ್ರಶ್ನೆ ಕಲಿಸುತ್ತವೆ, ಬರುವ ಉತ್ತರವನ್ನು ಮರೆಯುತ್ತವೆ. “ಇದನ್ನು ಹೇಗೆ ತೆಗೆದುಕೊಳ್ಳಬೇಕು?” ಎಂದು ಚೆನ್ನಾಗಿ ಉಚ್ಚರಿಸಿದರೆ ಎದುರಿಗಿರುವವರು ಇವರಿಗೆ ಜರ್ಮನ್ ಬರುತ್ತದೆಂದು ಖುಷಿಯಾಗಿ ಅರ್ಧ ನಿಮಿಷ ಮಾತಾಡುತ್ತಾರೆ. ನಮಗೆ ಒಂದು ಪದವೂ ಸಿಕ್ಕುವುದಿಲ್ಲ. ಪ್ರಶ್ನೆ ಎಂಥದ್ದಿರಬೇಕೆಂದರೆ ಉತ್ತರ ಒಂದು ಅಂಕಿಯಲ್ಲಿ, ಒಂದು ಬೆರಳಿನಲ್ಲಿ ಅಥವಾ ಹೌದು ಅಲ್ಲ ಎಂಬುದರಲ್ಲಿ ಮುಗಿಯಬೇಕು. ‘ಮುಸ್ ಇಶ್ ಟ್ಸುಮ್ ಆರ್ಟ್ಸ್ಟ್?’ ನಾನು ಡಾಕ್ಟರ ಹತ್ತಿರ ಹೋಗಬೇಕೇ? ಉತ್ತರ ಯಾ ಅಥವಾ ನೈನ್. ಈ ಒಂದು ಪ್ರಶ್ನೆಯನ್ನು ನಾನು ಎಲ್ಲಕ್ಕಿಂತ ಮೇಲೆ ಇಡುತ್ತೇನೆ. 63 ವಯಸ್ಸಿನ, ಸಕ್ಕರೆ ಕಾಯಿಲೆಯ, ಜ್ವರ ಭೇದಿ ಎರಡೂ ಇರುವ ನಮ್ಮ ತಾಯಿಗೆ ಬಹುಶಃ ‘ಯಾ’ ಎಂದೇ ಉತ್ತರ ಬರುತ್ತದೆ, ಬರಬೇಕು ಕೂಡ.

ಉಳಿದದ್ದಕ್ಕೆಲ್ಲ ಒಂದೇ ವಾಕ್ಯ: ‘ಬಿಟ್ಟೆ ಔಫ್‌ಶ್ರೈಬೆನ್’, ದಯವಿಟ್ಟು ಬರೆದುಕೊಡಿ. ಬರೆಸಿಕೊಳ್ಳದಿದ್ದರೆ ಏನಾಗುತ್ತದೆ ನೋಡಿ. ಜರ್ಮನ್ನಿನಲ್ಲಿ ಎರಡಕ್ಕೆ ‘ಟ್ಸ್ವೈ’, ಮೂರಕ್ಕೆ ‘ಡ್ರೈ’. ಎಷ್ಟು ಹತ್ತಿರದ ಸದ್ದೆಂದರೆ ಫೋನಿನಲ್ಲಿ ಜರ್ಮನ್ನರೇ ಎರಡನ್ನು ‘ಟ್ಸ್ವೋ’ ಎಂದು ಬದಲಾಯಿಸಿ ಹೇಳುತ್ತಾರೆ. ದಿನಕ್ಕೆ ಎರಡು ಮಾತ್ರೆಯೋ ಮೂರೋ ಎಂಬುದನ್ನು ಕಿವಿಯ ಮೇಲೆ ಬಿಡಬಾರದು. ಸಮಯದ್ದು ಇನ್ನೂ ಮೋಸ. ‘ಹಾಲ್ಪ್ ಆಖ್ಟ್’ ಎಂದರೆ ಪದಕ್ಕೆ ಪದ ಅರ್ಧ ಎಂಟು. ಎಂಟೂವರೆಗೆ ಡಾಕ್ಟರ ಅಪಾಯಿಂಟ್‌ಮೆಂಟ್ ಎಂದುಕೊಂಡು ಹೋದರೆ ಒಂದು ಗಂಟೆ ತಡ, ಅದು ಏಳೂವರೆ. ಎಂಟಕ್ಕೆ ಇನ್ನೂ ಅರ್ಧ ಇದೆ ಎಂಬ ಲೆಕ್ಕ ಅವರದು. ಬರೆದುಕೊಟ್ಟರೆ 7.30 ಎಂದೋ, ಸಂಜೆಯಾದರೆ 19.30 ಎಂದೋ ಇರುತ್ತದೆ, ಅನುಮಾನಕ್ಕೆ ಎಡೆಯೇ ಇಲ್ಲ.

ಬರೆಸಿಕೊಂಡ ಚೀಟಿಯಲ್ಲಿ ನಮ್ಮವರಿಗೆ ಪರಿಚಯದ ಮುಖವೊಂದು ಕಾಣುತ್ತದೆ. ನಮ್ಮ ಡಾಕ್ಟರುಗಳು 1-0-1 ಎಂದು ಬರೆಯುವ ಪದ್ಧತಿ ಅಲ್ಲಿಯೂ ಇದೆ. ಒಂದೇ ವ್ಯತ್ಯಾಸ, ಅಲ್ಲಿ ಸಾಮಾನ್ಯವಾಗಿ ನಾಲ್ಕು ಅಂಕಿ: ಬೆಳಗ್ಗೆ, ಮಧ್ಯಾಹ್ನ, ಸಂಜೆ, ಮಲಗುವ ಮುಂಚೆ. 1-0-1-0 ಎಂದಿದ್ದರೆ ಬೆಳಗ್ಗೆ ಒಂದು, ಸಂಜೆ ಒಂದು. 0-0-0-1 ಎಂದಿದ್ದರೆ ಮಲಗುವಾಗ ಮಾತ್ರ. ಊಟಕ್ಕೆ ಮೊದಲೋ ಆಮೇಲೋ ಎಂಬುದಕ್ಕೆ ಚೀಟಿಯಲ್ಲೇ ಎರಡು ಪದ ಬರೆದಿಟ್ಟುಕೊಂಡು ಬೆರಳಿಡಲು ಹೇಳಬಹುದು: ‘ಫೋರ್ ಡೇಮ್ ಎಸೆನ್’, ಊಟಕ್ಕೆ ಮೊದಲು; ‘ನಾಖ್ ಡೇಮ್ ಎಸೆನ್’, ಊಟವಾದ ಮೇಲೆ.

ಸಕ್ಕರೆ ಕಾಯಿಲೆಯವರಿಗೆ ಮಾತ್ರ ಒಂದು ಮಾತು. ಜರ್ಮನಿಯಲ್ಲಿ ರಕ್ತದ ಸಕ್ಕರೆಗೆ ಎರಡು ಅಳತೆಗಳು ಚಾಲ್ತಿಯಲ್ಲಿವೆ, ಪಶ್ಚಿಮದ ಕಡೆ ಹೆಚ್ಚಾಗಿ ನಮ್ಮದೇ ಮಿಲಿಗ್ರಾಂ ಲೆಕ್ಕ, ಪೂರ್ವದ ಕಡೆ ಮಿಲಿಮೋಲ್ ಲೆಕ್ಕ. ಲೈಪ್ಸಿಗ್‌ನ ಕ್ಲಿನಿಕ್ಕಿನಲ್ಲಿ ಸಕ್ಕರೆ 10 ಎಂದರೆ ಹೌಹಾರಬೇಡಿ. 18ರಿಂದ ಗುಣಿಸಿದರೆ ನಮ್ಮ 180.

ಈಗ ನಮ್ಮ ತಾಯಿಯ ಚೀಟಿ ಒಟ್ಟಾಗಿ ಹೀಗಿರುತ್ತದೆ. ತೋರಿಸಲು ಮೇಲಿನ ಸಾಲು ಜರ್ಮನ್ ಅಕ್ಷರಗಳಲ್ಲಿ, ಓದಲು ಕೆಳಗಿನ ಸಾಲು ಕನ್ನಡದಲ್ಲಿ. ಮಗನೇ ಒಂದು ಭಾನುವಾರ ಕೂತು ಬರೆದುಕೊಟ್ಟರೆ ಸಾಕು. ಕನ್ನಡದ ಸಾಲುಗಳು ಇವು:

ಡಾಸ್ ಇಸ್ಟ್ ಫ್ಯೂರ್ ಮಿಶ್. (ಇದು ನನಗೆ.)
ಇಶ್ ಹಾಬೆ ಡುರ್ಶ್‌ಫಾಲ್. ಫ್ಯುನ್ಫ್‌ಮಾಲ್. (ಭೇದಿ. ಐದು ಸಲ.)
ಜ಼ೈಟ್ ಗೆಸ್ಟರ್ನ್. (ನಿನ್ನೆಯಿಂದ.)
ಇಶ್ ಹಾಬೆ ಫೀಬರ್. 38,5. (ಜ್ವರ.)
ಬ್ಲೂಟ್: ನೈನ್. (ರಕ್ತ ಇಲ್ಲ.)
ಇಶ್ ನೇಮೆ ಟೆಲ್ಮಿಸಾರ್ಟನ್ 40. ಇಶ್ ನೇಮೆ ಮೆಟ್‌ಫಾರ್ಮಿನ್ 500. (ದಿನದ ಮಾತ್ರೆಗಳು.)
ಶೋನ್ ಗೆನೊಮೆನ್: ಪ್ಯಾರಾಸಿಟಮಾಲ್ 650. (ಈಗಾಗಲೇ ತಗೊಂಡದ್ದು.)
ಪೆನಿಟ್ಸಿಲೀನ್. ಅಲೆರ್ಗಿಶ್.
ಮುಸ್ ಇಶ್ ಟ್ಸುಮ್ ಆರ್ಟ್ಸ್ಟ್? (ಡಾಕ್ಟರ ಹತ್ತಿರ ಹೋಗಬೇಕೇ?)
ಬಿಟ್ಟೆ ಔಫ್‌ಶ್ರೈಬೆನ್. (ಬರೆದುಕೊಡಿ.)

ದಿನದ ಮಾತ್ರೆ ಮತ್ತು ಅಲರ್ಜಿಯ ಸಾಲುಗಳು ಯಾವಾಗಲೂ ಅವೇ. ಕಾಯಿಲೆ, ದಿನ, ಜ್ವರದ ಅಂಕಿ ಮಾತ್ರ ಆ ಹೊತ್ತಿಗೆ ಬದಲಾಗುವಂಥವು, ಆ ಜಾಗಗಳನ್ನು ಖಾಲಿ ಬಿಡಿ. ಚೀಟಿಯ ಫೋಟೋ ಫೋನಿನಲ್ಲೂ ಇರಲಿ.

ಭಾನುವಾರ ಅಲ್ಲಿ ಅಪೋಟೇಕೆಗಳು ಮುಚ್ಚಿರುತ್ತವೆ. ಆದರೆ ಸರದಿಯ ಮೇಲೆ ಒಂದೊಂದು ಅಂಗಡಿ ರಾತ್ರಿ, ರಜೆಗಳಲ್ಲೂ ತೆರೆದಿರಲೇಬೇಕು. ಅದು ಯಾವುದು ಎಂಬುದನ್ನು ಮುಚ್ಚಿದ ಅಂಗಡಿಯ ಬಾಗಿಲಿನ ಮೇಲೆಯೇ ಬರೆದು ಅಂಟಿಸಿರುತ್ತಾರೆ. ‘ನೋಟ್‌ಡೀನ್ಸ್ಟ್’ ಎಂಬ ಪದದ ಕೆಳಗಿನ ವಿಳಾಸ ನೋಡಿ ಹೋಗಿ. ಹಲವೆಡೆ ಬಾಗಿಲು ಹಾಕಿರುತ್ತದೆ, ಬೆಲ್ ಒತ್ತಿದರೆ ಸಣ್ಣ ಕಿಟಕಿಯಿಂದ ಮಾತಾಡುತ್ತಾರೆ. ಕತ್ತಲಲ್ಲಿ ಕಿಟಕಿಯ ಮೂಲಕ ಮಾತು ಇನ್ನೂ ಕಷ್ಟ, ಚೀಟಿಯ ಬೆಲೆ ಆಗ ತಿಳಿಯುತ್ತದೆ. ಡಾಕ್ಟರೇ ಬೇಕು, ಆದರೆ ಪ್ರಾಣಕ್ಕೇನೂ ಅಪಾಯವಿಲ್ಲ ಎಂದರೆ ಫೋನ್ ನಂಬರು 116117. ಪ್ರಾಣದ ಪ್ರಶ್ನೆಯಾದರೆ 112. ಆ ಕರೆಯಲ್ಲಿ ಕಾಯಿಲೆಗಿಂತ ಮುಂಚೆ ವಿಳಾಸ ಹೇಳಿ. ಕರೆ ಅರ್ಧಕ್ಕೆ ಕಡಿದುಹೋದರೂ ಗಾಡಿ ಎಲ್ಲಿಗೆ ಬರಬೇಕೆಂಬುದು ಅವರಿಗೆ ಸಿಕ್ಕಿರುತ್ತದೆ. ಆಮೇಲೆ ಒಂದು ಪದ ಸಾಕು: ‘ಬ್ರುಸ್ಟ್‌ಶ್ಮೆರ್ಟ್ಸೆನ್’ ಎಂದರೆ ಎದೆನೋವು, ‘ಆಟೆಮ್‌ನೋಟ್’ ಎಂದರೆ ಉಸಿರಾಡಲು ಆಗುತ್ತಿಲ್ಲ. ಇಂಗ್ಲಿಷ್ ಬಂದರೆ ಇಂಗ್ಲಿಷಿನಲ್ಲೇ ಮಾತಾಡಿ, ಈ ಹೊತ್ತಿನಲ್ಲಿ ಜರ್ಮನ್ ಪ್ರಯತ್ನಿಸುವ ಹಂಗು ಬೇಡ.

ಕ್ಲಿನಿಕ್ಕಿನ ಒಳಗೆ ಡಾಕ್ಟರಿಗೆ ಸಾಮಾನ್ಯವಾಗಿ ಇಂಗ್ಲಿಷ್ ಬರುತ್ತದೆ. ಈ ಚೀಟಿ ಅವರ ಕೈಗೆ ಹೋದರೆ ಮೊದಲ ಐದು ನಿಮಿಷದ ಪ್ರಶ್ನೆಗಳು ಮುಗಿದಂತೆ. ಅಲ್ಲಿಂದಾಚೆಗೆ ಪುಟ್ಟ ವಾಕ್ಯಗಳ ಕೆಲಸ ಮುಗಿಯುತ್ತದೆ, ಅದನ್ನು ಒಪ್ಪಿಕೊಳ್ಳಬೇಕು. ಇಂಜೆಕ್ಷನ್, ಆಪರೇಷನ್, ಆಸ್ಪತ್ರೆಗೆ ಸೇರಿಸುವುದು ಎಂದು ಮಾತು ಬಂದು, ಸಹಿ ಹಾಕಲು ಕಾಗದ ಮುಂದೆ ಇಟ್ಟರೆ ಅರ್ಥವಾದಂತೆ ತಲೆಯಾಡಿಸಬೇಡಿ. ‘ಇಶ್ ಫೆರ್‌ಷ್ಟೇಹೆ ನಿಶ್ಟ್’ ಎನ್ನಿ, ನನಗೆ ಅರ್ಥವಾಗುತ್ತಿಲ್ಲ. ಮಗನಿಗೆ ಫೋನ್ ಮಾಡಿ ಸ್ಪೀಕರಿನಲ್ಲಿಟ್ಟು ಡಾಕ್ಟರ ಕೈಗೆ ಕೊಡಿ. ಹೀಗೆ ಮಾಡಿದ್ದಕ್ಕೆ ಅಲ್ಲಿ ಯಾರೂ ಬೇಸರಪಡುವುದಿಲ್ಲ, ಅರ್ಥವಾಗದೆ ಹಾಕಿದ ಸಹಿಯೇ ಅವರಿಗೂ ತೊಂದರೆ.

ಹೊರಡುವ ಮುನ್ನ ಕೌಂಟರಿನಲ್ಲಿ ಇನ್ನೆರಡು ವಾಕ್ಯ. ಅಲ್ಲಿಯವರು ವಿಮೆಯ ಕಾರ್ಡು ತೋರಿಸಿ ಹೋಗುತ್ತಾರೆ, ಪ್ರವಾಸಿಗರು ಸಾಮಾನ್ಯವಾಗಿ ದುಡ್ಡು ಕಟ್ಟಿ ಆಮೇಲೆ ತಮ್ಮ ವಿಮಾ ಕಂಪನಿಯಿಂದ ವಾಪಸು ಕೇಳಬೇಕು. ಷೆಂಗೆನ್ ವೀಸಾಕ್ಕಾಗಿ ಮಾಡಿಸಿದ, ಕನಿಷ್ಠ 30,000 ಯೂರೋ ಮೊತ್ತದ ವಿಮೆ ಹೇಗೂ ಇರುತ್ತದಲ್ಲ. ‘ಇಶ್ ಟ್ಸಾಲೆ ಜ಼ೆಲ್ಬ್ಸ್ಟ್. ಬಿಟ್ಟೆ ಐನೆ ರೆಶ್ನುಂಗ್.’ ನಾನೇ ಕಟ್ಟುತ್ತೇನೆ, ಬಿಲ್ ಕೊಡಿ. ಬಿಲ್ಲಿನಲ್ಲಿ ಹೆಸರು ಪಾಸ್‌ಪೋರ್ಟಿನಲ್ಲಿರುವಂತೆಯೇ ಇದೆಯೇ, ಕಾಯಿಲೆಯ ಹೆಸರು ಮತ್ತು ದಿನಾಂಕ ನಮೂದಾಗಿದೆಯೇ ಎಂದು ಕೌಂಟರ್ ಬಿಡುವ ಮೊದಲೇ ನೋಡಿಕೊಳ್ಳಿ. ಹಾಸನಕ್ಕೆ ಬಂದ ಮೇಲೆ ಅದನ್ನು ತಿದ್ದಿಸುವುದು ತಿಂಗಳುಗಟ್ಟಲೆಯ ಕೆಲಸ.